ಒಂದು ಟೀ ಶರ್ಟ್, ಹನ್ನೆರಡು ವೇರಿಯಂಟ್: ಎಸ್‌ಕೆಯು, ಸ್ಟಾಕ್ ಮತ್ತು ಬೆಲೆ ಎಲ್ಲಿ ಸೇರಬೇಕು?

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ದುಂಡು ಕುತ್ತಿಗೆಯ ಒಂದೇ ಮಾದರಿಯ ಟೀ ಶರ್ಟ್ ಮಾರುತ್ತೇನೆ. ಮೂರು ಬಣ್ಣ, ನಾಲ್ಕು ಅಳತೆ. ಸ್ಟಾಕ್ 53 ಇದೆ ಎಂದು ತೋರಿಸುತ್ತಿದೆ, ಆದರೆ ನೀಲಿ ಬಣ್ಣದ ಎಮ್ ಅಳತೆ ಒಂದೂ ಉಳಿದಿಲ್ಲದಿದ್ದರೂ ಅದಕ್ಕೇ ಆರ್ಡರ್ ಬರುತ್ತಿದೆ. ಹನ್ನೆರಡು ಬೇರೆ ಬೇರೆ ಉತ್ಪನ್ನ ಮಾಡಿಬಿಡಲೇ? ಎಸ್‌ಕೆಯು ಹೇಗೆ ಬರೆಯಬೇಕು? ಎಕ್ಸ್‌ಎಲ್‌ಗೆ ಮಾತ್ರ ಬೆಲೆ ಜಾಸ್ತಿ ಇಡಬೇಕು, ಅದನ್ನು ಎಲ್ಲಿ ಹಾಕುವುದು?

ಉತ್ತರ: ನಿಮ್ಮ ಪರದೆಯ ಮೇಲಿರುವ 53 ಎಂಬ ಸಂಖ್ಯೆ ಬಹುಶಃ ಸರಿಯಾಗಿಯೇ ಇದೆ. ತೊಂದರೆ ಇರುವುದು ಆ ಸಂಖ್ಯೆಯನ್ನು ಅಂಟಿಸಿರುವ ಜಾಗದಲ್ಲಿ. ನೀವು ಸ್ಟಾಕನ್ನು ಮಾದರಿಗೆ, ಅಂದರೆ ಮೂಲ ಉತ್ಪನ್ನಕ್ಕೆ, ಅಂಟಿಸಿದ್ದೀರಿ. ಆದರೆ ಮಾದರಿ ಎನ್ನುವುದು ಕಪಾಟಿನಲ್ಲಿ ಇರುವ ವಸ್ತುವಲ್ಲ. ಕಪಾಟಿನಲ್ಲಿರುವುದು ನೀಲಿ ಎಮ್, ಕಪ್ಪು ಎಲ್, ಬಿಳಿ ಎಸ್ ಎಂಬ ನಿರ್ದಿಷ್ಟ ಶರ್ಟುಗಳು. ಯಾರಾದರೂ ನೀಲಿ ಎಮ್ ಕೇಳಿದಾಗ ಗಣಕವು 53ರಲ್ಲಿ ಒಂದನ್ನು ಕಳೆದು 52 ಎಂದು ಬರೆದುಕೊಳ್ಳುತ್ತದೆ, ಏಕೆಂದರೆ ಅದಕ್ಕೆ ತಿಳಿದಿರುವುದು ಅಷ್ಟೇ. ಎಲ್ಲ ಹನ್ನೆರಡು ಬಗೆಗಳೂ ಮುಗಿದು ಮೊತ್ತ ಸೊನ್ನೆಯಾಗುವವರೆಗೆ ಅದು ನೀಲಿ ಎಮ್‌ಗೆ ಆರ್ಡರ್ ತೆಗೆದುಕೊಳ್ಳುತ್ತಲೇ ಇರುತ್ತದೆ.

ಹನ್ನೆರಡು ಬೇರೆ ಉತ್ಪನ್ನಗಳನ್ನು ಮಾಡಿದರೆ ಸ್ಟಾಕಿನ ಸಮಸ್ಯೆ ನೀಗುತ್ತದೆ ಎಂಬುದು ನಿಜ. ಆದರೆ ಕೊಳ್ಳುವವರು ನೀಲಿಯಿಂದ ಕಪ್ಪಿಗೆ ಹೋಗಲು ಪುಟ ಬದಲಿಸಬೇಕಾಗುತ್ತದೆ, ಒಂದೇ ವಿವರಣೆಯನ್ನು ನೀವು ಹನ್ನೆರಡು ಕಡೆ ತಿದ್ದಬೇಕಾಗುತ್ತದೆ, ಗ್ರಾಹಕರ ಅಭಿಪ್ರಾಯಗಳೂ ಹನ್ನೆರಡು ಪಾಲಾಗುತ್ತವೆ. ಆದ್ದರಿಂದ ಉತ್ಪನ್ನ ಒಂದೇ ಇರಲಿ, ಅದರ ಕೆಳಗೆ ಹನ್ನೆರಡು ವೇರಿಯಂಟ್‌ಗಳಿರಲಿ. ಹೆಸರು, ವಿವರಣೆ, ಬಟ್ಟೆಯ ಮಾಹಿತಿ, ಅಳತೆಯ ಪಟ್ಟಿ ಇವು ಮೂಲ ಉತ್ಪನ್ನಕ್ಕೆ ಸೇರುತ್ತವೆ. ಎಸ್‌ಕೆಯು, ಸ್ಟಾಕ್, ಬೆಲೆ, ತೂಕ, ಬಾರ್‌ಕೋಡ್ ಇವು ವೇರಿಯಂಟ್‌ಗೆ ಸೇರುತ್ತವೆ. ಯಾವ ವ್ಯತ್ಯಾಸವನ್ನು ವೇರಿಯಂಟ್ ಎನ್ನಬೇಕು ಎಂಬ ಅನುಮಾನ ಬಂದಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕೊಂಡವರನ್ನು ಕೇಳದೆ ಇದರ ಬದಲು ಅದನ್ನು ಕಳುಹಿಸಬಹುದೇ? ಕಳುಹಿಸಬಾರದು ಎಂದಾದರೆ, ಮತ್ತು ಎರಡೂ ಕಪಾಟಿನಲ್ಲಿ ಬೇರೆ ಬೇರೆಯಾಗಿ ಕುಳಿತಿವೆ ಎಂದಾದರೆ, ಅವು ಎರಡು ವೇರಿಯಂಟ್‌ಗಳು. ಶರ್ಟಿನ ಮೇಲೆ ಹೆಸರು ಮುದ್ರಿಸಿಕೊಡುವುದು, ಉಡುಗೊರೆಯ ಕಾಗದ ಸುತ್ತಿಕೊಡುವುದು ಮುಂತಾದವು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಹೆಸರು ಮುದ್ರಿಸಿದ ಶರ್ಟುಗಳ ರಾಶಿ ನಿಮ್ಮಲ್ಲಿ ಮೊದಲೇ ಇರುವುದಿಲ್ಲ. ಅಂಥವು ಆರ್ಡರಿನ ಸಾಲಿನಲ್ಲಿ ಸೂಚನೆಯಾಗಿ ಬರಬೇಕೇ ಹೊರತು ಆಯ್ಕೆಯ ಪಟ್ಟಿಯಲ್ಲಿ ಅಲ್ಲ. ಮುದ್ರಣ ಬೇಕು, ಬೇಡ ಎಂಬುದನ್ನು ಆಯ್ಕೆ ಮಾಡಿದೊಡನೆ ಹನ್ನೆರಡು ವೇರಿಯಂಟ್ ಇಪ್ಪತ್ತನಾಲ್ಕಾಗುತ್ತವೆ, ಆಗ ಒಂದೇ ಶರ್ಟಿನ ಸ್ಟಾಕು ಎರಡು ಸಾಲುಗಳಲ್ಲಿ ಹಂಚಿಹೋಗುತ್ತದೆ.

ಈಗ ಎಣಿಕೆಗೆ ಬರೋಣ. ಕಪಾಟಿನ ಶರ್ಟುಗಳನ್ನು ಬಣ್ಣ ಮತ್ತು ಅಳತೆಗಳ ಪ್ರಕಾರ ವಿಂಗಡಿಸಿ ಕೈಯಿಂದಲೇ ಎಣಿಸಬೇಕು; ಹಳೆಯ ಮೊತ್ತವನ್ನು ಅಂದಾಜಿನಿಂದ ಹನ್ನೆರಡು ಪಾಲು ಮಾಡಬಾರದು. ನಿಮ್ಮ ಎಣಿಕೆ ಹೀಗೆ ಬಂತೆಂದು ಇಟ್ಟುಕೊಳ್ಳಿ. ನೀಲಿಯಲ್ಲಿ ಎಸ್ 9, ಎಮ್ ಸೊನ್ನೆ, ಎಲ್ 3, ಎಕ್ಸ್‌ಎಲ್ 6. ಕಪ್ಪಿನಲ್ಲಿ ಕ್ರಮವಾಗಿ 7, 1, 4, 8. ಬಿಳಿಯಲ್ಲಿ 8, 2, 5, 5. ಒಟ್ಟು 58 ಶರ್ಟು. ಇನ್ನೂ ಕಳುಹಿಸದ ಆರ್ಡರುಗಳು ಐದು: ನೀಲಿ ಎಮ್ ಎರಡು, ಕಪ್ಪು ಎಮ್ ಒಂದು, ಕಪ್ಪು ಎಲ್ ಒಂದು, ಬಿಳಿ ಎಲ್ ಒಂದು. 58ರಿಂದ 5 ಕಳೆದರೆ 53. ನೋಡಿ, ಪರದೆಯ ಮೇಲಿನ ಸಂಖ್ಯೆ ಒಂದಿಷ್ಟೂ ತಪ್ಪಿಲ್ಲ. ಆದರೂ ನೀವು ಕೊಡಲಾಗದ ಎರಡು ಶರ್ಟುಗಳನ್ನು ಮಾರಿಬಿಟ್ಟಿದ್ದೀರಿ.

ಪ್ರತಿ ವೇರಿಯಂಟ್‌ಗೂ ಮೂರು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊದಲನೆಯದು ಕಪಾಟಿನಲ್ಲಿ ಕೈಗೆ ಸಿಗುವುದು, ಎರಡನೆಯದು ಆಗಲೇ ಮಾರಾಟವಾಗಿ ಕಳುಹಿಸಲು ಬಾಕಿ ಇರುವುದು, ಮೂರನೆಯದು ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿಯುವ, ಇನ್ನೂ ಮಾರಬಹುದಾದ ಸಂಖ್ಯೆ. ನೀಲಿಯ ನಾಲ್ಕು ಸಾಲುಗಳು ಹೀಗಿರುತ್ತವೆ:

```
sku           on_hand   committed   available
RN01-NVY-S       9          0           9
RN01-NVY-M       0          2          -2
RN01-NVY-L       3          0           3
RN01-NVY-XL      6          0           6
```

ಮಾದರಿಯ ಒಟ್ಟು ಸ್ಟಾಕ್ ಎಷ್ಟು ಎಂದು ತಿಳಿಯುವ ಆಸೆ ನಿಮಗೆ ಇದ್ದೇ ಇರುತ್ತದೆ. ಅದನ್ನು ಎಲ್ಲಿಯೂ ಬರೆದಿಡಬೇಡಿ, ಬೇಕಾದಾಗ ವೇರಿಯಂಟ್‌ಗಳಿಂದ ಕೂಡಿಸಿ ನೋಡಿ. ಕೂಡಿಸುವಾಗಲೂ ಒಂದು ಎಚ್ಚರಿಕೆ ಬೇಕು. ಹನ್ನೆರಡೂ ಸಾಲುಗಳ ಕೊನೆಯ ಅಂಕಣವನ್ನು ಸುಮ್ಮನೆ ಕೂಡಿಸಿದರೆ ಮತ್ತೆ 53 ಬರುತ್ತದೆ, ಆದರೆ ನೀವು ಇಂದು ನಿಜವಾಗಿ ಮಾರಬಹುದಾದ ಶರ್ಟುಗಳು 55. ನೀಲಿ ಎಮ್‌ನ ಋಣ ಎರಡು, ಬೇರೆ ಅಳತೆಗಳ ಎರಡು ಒಳ್ಳೆಯ ಶರ್ಟುಗಳನ್ನು ಲೆಕ್ಕದಲ್ಲಿ ನುಂಗಿಹಾಕಿದೆ. ಸೊನ್ನೆಗಿಂತ ಕೆಳಗಿರುವ ಸಾಲನ್ನು ಸೊನ್ನೆ ಎಂದು ಹಿಡಿದು ಕೂಡಿಸಬೇಕು, ಆ ಋಣವನ್ನು ಬೇರೆಯಾಗಿ ಬಾಕಿ ಎಂದು ಕಾಣಿಸಬೇಕು.

ಮೊತ್ತದಲ್ಲಿ ಲೆಕ್ಕ ಇಡುವುದರ ಇನ್ನೊಂದು ಹಾನಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕಾಗಿಯೇ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ಯಾಕ್ ಮಾಡುವವರು ಒಮ್ಮೆ ಕಪ್ಪು ಎಲ್ ಕಳುಹಿಸಬೇಕಾದ ಕಡೆ ಕಪ್ಪು ಎಕ್ಸ್‌ಎಲ್ ಹಾಕಿದರು ಎಂದುಕೊಳ್ಳಿ. ಮೊತ್ತದ ಲೆಕ್ಕದಲ್ಲಿ ಒಂದು ಶರ್ಟು ಹೋಯಿತು, ಒಂದು ಕಳೆಯಿತು. ತಿಂಗಳ ಕೊನೆಯ ಎಣಿಕೆಯೂ ತಾಳೆಯಾಗುತ್ತದೆ. ತಪ್ಪು ನಡೆದ ಕುರುಹೇ ಉಳಿಯುವುದಿಲ್ಲ. ವೇರಿಯಂಟ್ ಪ್ರಕಾರ ಲೆಕ್ಕ ಇಟ್ಟಿದ್ದರೆ ಅದೇ ಎಣಿಕೆಯಲ್ಲಿ ಎಲ್ ಒಂದು ಹೆಚ್ಚು, ಎಕ್ಸ್‌ಎಲ್ ಒಂದು ಕಡಿಮೆ ಎಂದು ಎರಡು ಸಾಲುಗಳು ಜೋಡಿಯಾಗಿ ಎದ್ದು ಕಾಣುತ್ತಿದ್ದವು. ಎಣಿಕೆಯ ವ್ಯತ್ಯಾಸಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇಂಥ ಜೋಡಿಗಳನ್ನೇ. ಅಕ್ಕಪಕ್ಕದ ಅಳತೆಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಅದು ಅದಲುಬದಲು. ಜೋಡಿಯಿಲ್ಲದೆ ಬರೀ ಕಡಿಮೆ ಬಂದರೆ ಕಳೆದುಹೋಗಿದೆ, ಕೆಟ್ಟಿದೆ ಅಥವಾ ಹಿಂದಿರುಗಿಸಿದ್ದನ್ನು ಕಪಾಟಿಗೆ ಸೇರಿಸುವ ಮೊದಲೇ ಲೆಕ್ಕಕ್ಕೆ ಸೇರಿಸಿದ್ದಾರೆ ಎಂದು ಅರ್ಥ. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಕಪಾಟಿನ ಚೀಟಿಯನ್ನು ಸರಿಪಡಿಸಬೇಕು, ಎರಡನೆಯದಕ್ಕೆ ಸರಕು ಒಳಬರುವ ಕ್ರಮವನ್ನು ನೋಡಬೇಕು.

ಇದೇ ಕಾರಣಕ್ಕೆ ಅಳತೆ ಬದಲಾಯಿಸಿಕೊಡುವಾಗಲೂ ಎರಡು ನಮೂದುಗಳು ಬೇಕು. ಗ್ರಾಹಕರು ಎಮ್ ಹಿಂದಿರುಗಿಸಿ ಎಲ್ ತೆಗೆದುಕೊಂಡರೆ ಎಮ್‌ಗೆ ಒಂದು ಸೇರಬೇಕು, ಎಲ್‌ನಿಂದ ಒಂದು ಕಳೆಯಬೇಕು. ಒಂದು ಬಂತು, ಒಂದು ಹೋಯಿತು ಎಂದು ಏನನ್ನೂ ಬರೆಯದೆ ಬಿಡುವುದು ಮೊತ್ತದ ಲೆಕ್ಕದಿಂದ ಬಂದ ಅಭ್ಯಾಸ.

ಎಸ್‌ಕೆಯು ವಿಷಯಕ್ಕೆ ಬರುತ್ತೇನೆ. ಎಸ್‌ಕೆಯು ಎಂದರೆ ಎಣಿಸಿ ಇಡುವ ಘಟಕಕ್ಕೆ ನೀವೇ ಕೊಡುವ ಹೆಸರು. ಬಾರ್‌ಕೋಡಿನ ಕೆಳಗಿರುವ ಸಂಖ್ಯೆಗಿಂತ ಇದು ಬೇರೆ. ಆ ಸಂಖ್ಯೆಯ ಪದ್ಧತಿಯನ್ನು ನೋಡಿಕೊಳ್ಳುವ ಸಂಸ್ಥೆ ಜಿಎಸ್1. ಅದು ಲೋಕದ ಎಲ್ಲ ವ್ಯಾಪಾರಿಗಳಿಗೂ ಸಮಾನ. ಅಲ್ಲಿಯೂ ನಿಯಮ ಇದೇ ಆಗಿದೆ: ಬಣ್ಣ ಅಥವಾ ಅಳತೆ ಬದಲಾದರೆ ಸಂಖ್ಯೆಯೂ ಬದಲಾಗಬೇಕು. ಎಸ್‌ಕೆಯು ಮಾತ್ರ ನಿಮ್ಮ ಮನೆಯೊಳಗಿನದು, ನಿಮ್ಮ ಜನ ಓದಿ ಶರ್ಟನ್ನು ಕೈಗೆತ್ತಿಕೊಳ್ಳುವುದಕ್ಕಾಗಿ ಇರುವುದು.

ಮೇಲಿನ ಪಟ್ಟಿಯಲ್ಲಿ ನಾನು ಬಳಸಿದ `RN01-NVY-M` ಎಂಬ ಹೆಸರಿನಲ್ಲಿ ಮೂರು ಭಾಗಗಳಿವೆ. ಮೊದಲು ಮಾದರಿ, ನಂತರ ಬಣ್ಣ, ಕೊನೆಗೆ ಅಳತೆ. ದೊಡ್ಡ ಗುಂಪು ಮೊದಲು, ಚಿಕ್ಕದು ಕೊನೆಗೆ ಎಂಬ ಈ ಕ್ರಮದಿಂದ ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಜೋಡಿಸಿದಾಗ ಒಂದು ಮಾದರಿಯ ಶರ್ಟುಗಳೆಲ್ಲ ಒಟ್ಟಿಗೆ, ಅದರೊಳಗೆ ಒಂದು ಬಣ್ಣದವೆಲ್ಲ ಒಟ್ಟಿಗೆ ನಿಲ್ಲುತ್ತವೆ. ಅಳತೆಗಳು ಮಾತ್ರ ಎಲ್, ಎಮ್, ಎಸ್, ಎಕ್ಸ್‌ಎಲ್ ಎಂಬ ವಿಚಿತ್ರ ಕ್ರಮದಲ್ಲಿ ಬರುತ್ತವೆ. ಅದನ್ನು ಸರಿಮಾಡಲು ಕೆಲವರು ಕೋಡಿನೊಳಗೇ ಅಂಕಿಗಳನ್ನು ತುರುಕುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಜೋಡಿಸುವ ಕ್ರಮಕ್ಕೆ ಪ್ರತ್ಯೇಕ ಅಂಕಣ ಇಟ್ಟುಕೊಂಡರೆ ಸಾಕು, ಶರ್ಟಿನ ಚೀಟಿಯಲ್ಲಿರುವ ಅಕ್ಷರವೇ ಕೋಡಿನಲ್ಲೂ ಇದ್ದರೆ ಎತ್ತಿಕೊಳ್ಳುವವರ ತಪ್ಪು ಕಡಿಮೆಯಾಗುತ್ತದೆ.

ನೀಲಿಗೆ ನಾನು `BLU` ಎಂದು ಬರೆಯದೆ `NVY` ಎಂದು ಬರೆದಿರುವುದು ಗಮನಕ್ಕೆ ಬಂದಿರಬಹುದು. ಅದಕ್ಕೆ ಎರಡು ಕಾರಣಗಳಿವೆ. ಕಪ್ಪಿಗೆ ಸಹಜವಾಗಿ ಬರುವ ಕೋಡು `BLK`. `BLU` ಮತ್ತು `BLK` ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಅದೂ ಕೊನೆಯಲ್ಲಿ. ಮಂದ ಬೆಳಕಿನಲ್ಲಿ, ಅವಸರದಲ್ಲಿ, ಮಾಸಿದ ಚೀಟಿಯಲ್ಲಿ ಅದು ತಪ್ಪಿಹೋಗುತ್ತದೆ, ಕಡುನೀಲಿ ಮತ್ತು ಕಪ್ಪು ಬಟ್ಟೆಗಳೂ ಆ ಬೆಳಕಿನಲ್ಲಿ ಒಂದೇ ತರಹ ಕಾಣುತ್ತವೆ. ಯಾವ ಎರಡು ಬಣ್ಣದ ಕೋಡುಗಳ ನಡುವೆಯೂ ಕನಿಷ್ಠ ಎರಡು ಅಕ್ಷರಗಳ ಅಂತರವಿರಲಿ. ಎರಡನೆಯ ಕಾರಣ ಮುಂದಿನ ದಿನಗಳದ್ದು. ಇಂದು ನಿಮ್ಮಲ್ಲಿ ನೀಲಿ ಒಂದೇ ಇದೆ. ನಾಳೆ ತಿಳಿನೀಲಿ ಬಂದಾಗ `BLU` ಎಂದರೆ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಬಣ್ಣದ ಕೋಡುಗಳ ಒಂದು ಪಟ್ಟಿಯನ್ನು ಮಾಡಿ, ಎಲ್ಲ ಮಾದರಿಗಳಿಗೂ ಅದೇ ಪಟ್ಟಿಯಿಂದ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಬಣ್ಣ ಬಂದರೆ ಮೊದಲು ಪಟ್ಟಿಗೆ ಸೇರಿಸಬೇಕು, ನಂತರ ಎಸ್‌ಕೆಯು ಬರೆಯಬೇಕು.

ಕೋಡಿನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇವಿಷ್ಟೇ ಇರಲಿ. ಬಾರ್‌ಕೋಡುಗಳಲ್ಲಿ ಬಹಳ ಹಳೆಯದಾದ ಕೋಡ್ 39 ಎಂಬ ಬಗೆಯೂ ಇವನ್ನೆಲ್ಲ ಹಿಡಿದುಕೊಳ್ಳುತ್ತದೆ. ಚಿಕ್ಕ ಅಕ್ಷರಗಳನ್ನು ಅದು ನೇರವಾಗಿ ಹಿಡಿಯುವುದಿಲ್ಲ. `O` ಅಕ್ಷರವನ್ನು ಸೊನ್ನೆಯೆಂದು, `I` ಅಕ್ಷರವನ್ನು ಒಂದೆಂದು ಓದುವ ಅಪಾಯವಿರುವುದರಿಂದ ಮಾದರಿಯ ಕೋಡಿನಲ್ಲಿ ಆ ಎರಡು ಅಕ್ಷರಗಳನ್ನು ಬಿಟ್ಟುಬಿಡಿ.

ಸ್ಪ್ರೆಡ್‌ಶೀಟ್‌ನಿಂದ ಆಗುವ ಹಾನಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಹನ್ನೆರಡು ಸಾಲುಗಳನ್ನು ನೀವು ಬಹುತೇಕ ಅಲ್ಲಿಯೇ ತಯಾರಿಸುತ್ತೀರಿ. ಎಕ್ಸೆಲ್ ತನಗೆ ದಿನಾಂಕದಂತೆ ಕಂಡದ್ದನ್ನು ಕೇಳದೆಯೇ ದಿನಾಂಕವಾಗಿ ಮಾಡುತ್ತದೆ. ಮರೂನ್ ಬಣ್ಣಕ್ಕೆ `MAR` ಎಂದಿಟ್ಟು, ಅಳತೆ 10 ಆಗಿ, ಮಾದರಿಗೆ ಬರೀ 12 ಎಂಬ ಅಂಕಿ ಕೊಟ್ಟರೆ `12-MAR-10` ಎಂಬ ಎಸ್‌ಕೆಯು ಮಾರ್ಚ್ ತಿಂಗಳ ಒಂದು ದಿನವಾಗಿಬಿಡುತ್ತದೆ. `0412` ಎಂಬ ಮಾದರಿಯ ಮುಂದಿನ ಸೊನ್ನೆ ಉದುರಿ 412 ಆಗುತ್ತದೆ. `1E5` ಎಂದು ಬರೆದರೆ ಒಂದರ ಮುಂದೆ ಐದು ಸೊನ್ನೆ ಎಂದು ಓದಿಕೊಳ್ಳುತ್ತದೆ. ಹದಿಮೂರು ಅಂಕಿಗಳ ಬಾರ್‌ಕೋಡ್ ಸಂಖ್ಯೆಯನ್ನು ಅದು ಘಾತರೂಪದಲ್ಲಿ ತೋರಿಸುತ್ತದೆ, ಹಾಗೆಯೇ ಸಿಎಸ್‌ವಿ ಆಗಿ ಉಳಿಸಿದರೆ ಕೊನೆಯ ಅಂಕಿಗಳು ಹೋದಂತೆಯೇ. ಇದು ವ್ಯಾಪಾರಿಗಳಿಗಷ್ಟೇ ಬಂದ ಕಷ್ಟವಲ್ಲ: ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಇದೇ ದಿನಾಂಕದ ತೊಂದರೆಯಿಂದಾಗಿ `MARCH1`, `SEPT1` ಮುಂತಾದ ಹೆಸರುಗಳನ್ನು `MARCHF1`, `SEPTIN1` ಎಂದು ಬದಲಿಸಿದ್ದನ್ನು ವಿವರಿಸಿತ್ತು. ನಿಮ್ಮ ಮಟ್ಟಿಗೆ ಪರಿಹಾರ ಸರಳ. ಮಾದರಿಯ ಕೋಡು ಯಾವಾಗಲೂ ಎರಡು ಅಕ್ಷರಗಳಿಂದ ಆರಂಭವಾಗಲಿ, ಎಸ್‌ಕೆಯು ಮತ್ತು ಬಾರ್‌ಕೋಡ್ ಅಂಕಣಗಳನ್ನು ತುಂಬುವ ಮೊದಲೇ ಅವುಗಳ ಬಗೆಯನ್ನು ಪಠ್ಯ ಎಂದು ನಿಗದಿಪಡಿಸಿ.

ಕೋಡಿನೊಳಗೆ ಏನನ್ನು ಹಾಕಬಾರದು ಎಂಬುದು, ಏನನ್ನು ಹಾಕಬೇಕು ಎಂಬುದಕ್ಕಿಂತ ಮುಖ್ಯ. ಶರ್ಟು ಬದಲಾಗದೆ ತಾನು ಬದಲಾಗಬಹುದಾದ ಯಾವುದೂ ಅಲ್ಲಿರಬಾರದು. ಬೆಲೆ ಬದಲಾಗುತ್ತದೆ, ಪೂರೈಸುವವರು ಬದಲಾಗುತ್ತಾರೆ, ಕಪಾಟಿನ ಜಾಗ ಬದಲಾಗುತ್ತದೆ, ತಂದ ವರ್ಷ ಬದಲಾಗುತ್ತದೆ. ಅದೇ ಶರ್ಟನ್ನು ಬೇರೆಯವರಿಂದ ತರಿಸಿದರೆ ಕೊಳ್ಳುವವರಿಗೆ ಅದು ಅದೇ ಶರ್ಟು, ಹಾಗಾಗಿ ಎಸ್‌ಕೆಯು ಅದೇ ಇರಬೇಕು. ಯಾರಿಂದ, ಎಷ್ಟಕ್ಕೆ ತಂದಿರಿ ಎಂಬುದು ಖರೀದಿಯ ದಾಖಲೆಗೆ ಸೇರುತ್ತದೆ. ಆದರೆ ಹೊಸ ಸರಕಿನ ಬಣ್ಣದ ಛಾಯೆ ಅಥವಾ ಹೊಲಿಗೆಯ ಅಳತೆ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ, ಮೇಲೆ ಹೇಳಿದ ಕೇಳದೆ ಕಳುಹಿಸುವ ಪರೀಕ್ಷೆಯನ್ನೇ ಮತ್ತೆ ಮಾಡಿ, ಅಗತ್ಯವಾದರೆ `RN02` ಎಂದು ಹೊಸ ಮಾದರಿಯನ್ನೇ ಆರಂಭಿಸಿ.

ಹಾಗೆಯೇ ಒಮ್ಮೆ ಕೊಟ್ಟ ಎಸ್‌ಕೆಯುವನ್ನು ಇನ್ನೊಂದು ವಸ್ತುವಿಗೆ ಎಂದೂ ಕೊಡಬಾರದು. ನಾನು ಲೆಕ್ಕ ನೋಡಿಕೊಡಲು ಹೋಗಿದ್ದ ಒಂದು ಗೋದಾಮಿನಲ್ಲಿ, ನಿಂತುಹೋದ ಮಾದರಿಯ ಕೋಡುಗಳನ್ನು ಖಾಲಿ ಇವೆಯಲ್ಲ ಎಂದು ಹೊಸ ಮಾದರಿಗೆ ಕೊಟ್ಟಿದ್ದರು. ಕೆಲವು ವಾರಗಳ ನಂತರ ಹಳೆಯ ಮಾದರಿಯ ಶರ್ಟುಗಳು ಗ್ರಾಹಕರಿಂದ ಹಿಂದಿರುಗಿ ಬಂದವು. ಚೀಟಿಯಲ್ಲಿದ್ದ ಕೋಡನ್ನು ನಂಬಿದ ಕೆಲಸಗಾರರು ಅವನ್ನು ಹೊಸ ಮಾದರಿಯ ಡಬ್ಬಿಗೆ ಹಾಕಿದರು, ಅಲ್ಲಿಂದ ಅವು ಹೊಸ ಗ್ರಾಹಕರಿಗೆ ಹೋದವು. ಆ ಕೆಲಸಗಾರರ ಮೇಲೆ ಸಿಟ್ಟಾದದ್ದನ್ನು ಕಂಡು ನನಗೆ ಬೇಸರವಾಗಿತ್ತು, ಏಕೆಂದರೆ ಅವರು ಮಾಡಿದ್ದು ಕೋಡು ಹೇಳಿದ್ದನ್ನೇ. ಮಾರಾಟ ನಿಂತ ಎಸ್‌ಕೆಯುವನ್ನು ಅಳಿಸಬೇಡಿ, ನಿಂತಿದೆ ಎಂದು ಗುರುತು ಹಾಕಿ ಇಡಿ.

ಇನ್ನು ಬೆಲೆ. ಬೆಲೆಯ ಸ್ವಭಾವ ಸ್ಟಾಕಿನ ಸ್ವಭಾವಕ್ಕಿಂತ ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಸ್ಟಾಕ್ ಎಂದರೆ ಎಣಿಸಿದ ವಸ್ತು, ಅದು ಮೇಲಿನ ಮಟ್ಟದಿಂದ ಕೆಳಗೆ ಹಂಚಿಕೆಯಾಗಿ ಬರಲಾರದು. ಬೆಲೆ ಎಂದರೆ ನೀವು ಮಾಡಿದ ತೀರ್ಮಾನ. ಒಂದೇ ತೀರ್ಮಾನ ಹನ್ನೆರಡು ಕಡೆ ಅನ್ವಯವಾಗಬಹುದು. ಆದ್ದರಿಂದ ಮಾದರಿಗೆ 400 ಎಂಬ ಮೂಲ ಬೆಲೆ, ಎಕ್ಸ್‌ಎಲ್‌ಗೆ 40 ಹೆಚ್ಚು ಎಂದು ಯೋಚಿಸುವುದರಲ್ಲಿ ತಪ್ಪೇನಿಲ್ಲ. ಪ್ರಶ್ನೆ ಇರುವುದು ಅದನ್ನು ಬರೆದಿಡುವ ರೀತಿಯಲ್ಲಿ. ಮೂರು ಎಕ್ಸ್‌ಎಲ್ ವೇರಿಯಂಟ್‌ಗಳಿಗೆ ಮಾತ್ರ 440 ಎಂದು ಬರೆದು, ಉಳಿದ ಒಂಬತ್ತನ್ನು ಮೂಲ ಬೆಲೆಗೆ ಬಿಟ್ಟಿದ್ದೀರಿ ಎಂದುಕೊಳ್ಳಿ. ಆರು ತಿಂಗಳ ನಂತರ ಮೂಲ ಬೆಲೆಯನ್ನು 450ಕ್ಕೆ ಏರಿಸುತ್ತೀರಿ. ಒಂಬತ್ತು ವೇರಿಯಂಟ್‌ಗಳು 450 ಆಗುತ್ತವೆ, ಎಕ್ಸ್‌ಎಲ್ ಮಾತ್ರ 440ರಲ್ಲೇ ನಿಲ್ಲುತ್ತದೆ. ದೊಡ್ಡ ಶರ್ಟು ಚಿಕ್ಕದಕ್ಕಿಂತ ಅಗ್ಗವಾಯಿತು. ಯಾವ ಎಚ್ಚರಿಕೆಯೂ ಮೂಡುವುದಿಲ್ಲ, ಏಕೆಂದರೆ ಗಣಕದ ದೃಷ್ಟಿಯಲ್ಲಿ ಎರಡೂ ಸರಿಯಾದ ಬೆಲೆಗಳೇ.

ನನ್ನ ಸಲಹೆ ಹೀಗಿದೆ. ನಿಯಮವನ್ನು ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಇಟ್ಟುಕೊಳ್ಳಿ: ಮೂಲ ಬೆಲೆ ಒಂದು ಕೋಶದಲ್ಲಿ, ಎಕ್ಸ್‌ಎಲ್‌ನ ಹೆಚ್ಚುವರಿ ಇನ್ನೊಂದು ಕೋಶದಲ್ಲಿ ಇರಲಿ. ಅಂಗಡಿಯ ತಂತ್ರಾಂಶಕ್ಕೆ ಮಾತ್ರ ಹನ್ನೆರಡೂ ವೇರಿಯಂಟ್‌ಗಳ ಅಂತಿಮ ಬೆಲೆಯನ್ನು ಪೂರ್ಣ ಸಂಖ್ಯೆಯಾಗಿ ಕಳುಹಿಸಿ. ಬೆಲೆ ಬದಲಾದಾಗ ಒಂದನ್ನಷ್ಟೇ ತಿದ್ದದೆ ಹನ್ನೆರಡನ್ನೂ ಮತ್ತೆ ಕಳುಹಿಸಿ. ಶಾಪಿಫೈ ಮತ್ತು ವೂಕಾಮರ್ಸ್ ಎರಡರಲ್ಲೂ ಬೆಲೆ ಇರುವುದು ವೇರಿಯಂಟ್‌ನ ಮೇಲೆಯೇ. ವೂಕಾಮರ್ಸ್‌ನಲ್ಲಿ ಬೆಲೆ ಬರೆಯದೆ ಖಾಲಿ ಬಿಟ್ಟ ವೇರಿಯಂಟ್ ಮಾರಾಟಕ್ಕೆ ಕಾಣಿಸುವುದೇ ಇಲ್ಲ, ಹಾಗಾಗಿ ಸ್ಟಾಕ್ ಇದ್ದೂ ಒಂದು ಅಳತೆ ಪುಟದಲ್ಲಿ ಸಿಗದಿದ್ದರೆ ಮೊದಲು ಬೆಲೆಯ ಕೋಶವನ್ನು ನೋಡಿ. ಖಾಲಿ ಕೋಶಕ್ಕೂ ಸೊನ್ನೆಗೂ ಇರುವ ಅಂತರ ಇಲ್ಲಿ ದೊಡ್ಡದು: ಖಾಲಿ ಎಂದರೆ ಬೆಲೆ ನಿಗದಿಯಾಗಿಲ್ಲ, ಸೊನ್ನೆ ಎಂದರೆ ಉಚಿತ.

ರಿಯಾಯಿತಿಯಲ್ಲೂ ಇದೇ ಎಚ್ಚರ ಬೇಕು. ನೂರಕ್ಕೆ ಹತ್ತು ಕಡಿಮೆ ಎಂದರೆ 400ರದ್ದು 360 ಆಗುತ್ತದೆ, 440ರದ್ದು 396. ಎಲ್ಲಕ್ಕೂ 360 ಎಂದು ಒಂದೇ ಸಂಖ್ಯೆ ತುಂಬಿದರೆ ಎಕ್ಸ್‌ಎಲ್‌ಗೆ ನೀವು 44ರ ಬದಲು 80 ಬಿಟ್ಟುಕೊಟ್ಟಂತೆ. ಗೆರೆ ಎಳೆದು ತೋರಿಸುವ ಹಳೆಯ ಬೆಲೆಯನ್ನೂ ಪ್ರತಿ ವೇರಿಯಂಟ್‌ಗೆ ಅದರದ್ದೇ ಆಗಿ ತುಂಬಬೇಕು. ಒಂದು ಆರ್ಡರ್ ಆದ ಮೇಲೆ ಆ ಸಾಲಿನಲ್ಲಿ ಅಂದಿನ ಬೆಲೆ, ಅಂದಿನ ಎಸ್‌ಕೆಯು ಎರಡೂ ನಕಲಾಗಿ ಉಳಿಯಬೇಕು. ನಂತರ ವೇರಿಯಂಟ್‌ನ ಬೆಲೆ ಬದಲಾದರೂ ಹಳೆಯ ಆರ್ಡರಿನ ಮೊತ್ತ ಅಲ್ಲಾಡಬಾರದು, ಏಕೆಂದರೆ ಹಿಂದಿರುಗಿಸಿದವರಿಗೆ ಹಣ ಕೊಡುವುದು ಅದರ ಪ್ರಕಾರ.

ಈಗ ಬದಲಾವಣೆಯನ್ನು ಮಾಡುವ ಕ್ರಮ. ಹಳೆಯ ಉತ್ಪನ್ನವನ್ನು ಅಳಿಸಿ ಹೊಸದನ್ನು ಮಾಡಬೇಡಿ. ಹಳೆಯ ಆರ್ಡರುಗಳೂ ಅಭಿಪ್ರಾಯಗಳೂ ಅದಕ್ಕೆ ಅಂಟಿಕೊಂಡಿವೆ, ಅದಕ್ಕೇ ವೇರಿಯಂಟ್‌ಗಳನ್ನು ಸೇರಿಸಿ. ಆರ್ಡರ್ ಕಡಿಮೆ ಇರುವ ಹೊತ್ತು ನೋಡಿ ಆ ಉತ್ಪನ್ನದ ಮಾರಾಟವನ್ನು ಸ್ವಲ್ಪ ಕಾಲ ನಿಲ್ಲಿಸಿ, ಏಕೆಂದರೆ ಎಣಿಸುತ್ತಿರುವಾಗಲೇ ಮಾರಾಟವಾದರೆ ಎಣಿಕೆ ಯಾವ ಕ್ಷಣದ್ದು ಎಂದು ಹೇಳಲಾಗದು. ಮೊದಲು ನೀಲಿ ಎಮ್‌ಗೆ ಬಾಕಿಯಿರುವ ಎರಡು ಆರ್ಡರುಗಳ ಗ್ರಾಹಕರಿಗೆ ತಿಳಿಸಿ, ಕಾಯುತ್ತಾರೋ, ಬೇರೆ ಬಣ್ಣ ಒಪ್ಪುತ್ತಾರೋ, ಹಣ ಹಿಂದಕ್ಕೆ ಬೇಕೋ ಎಂದು ತೀರ್ಮಾನಿಸಿಕೊಳ್ಳಿ. ಆಮೇಲೆ ಎಣಿಸಿ, ವೇರಿಯಂಟ್‌ಗಳನ್ನು ಸೃಷ್ಟಿಸಿ, ಸಂಖ್ಯೆಗಳನ್ನು ತುಂಬಿ. ತುಂಬುವ ಕೋಶ ಯಾವುದನ್ನು ಕೇಳುತ್ತಿದೆ ಎಂದು ನೋಡಿಕೊಳ್ಳಿ. ಕಪಾಟಿನ ಸಂಖ್ಯೆಯನ್ನು ಕೇಳುತ್ತಿದ್ದರೆ ಕಪ್ಪು ಎಮ್‌ಗೆ 1 ಎಂದು ತುಂಬಬೇಕು; ಮಾರಬಹುದಾದ ಸಂಖ್ಯೆಯನ್ನು ಕೇಳುತ್ತಿದ್ದರೆ ಸೊನ್ನೆ, ಏಕೆಂದರೆ ಆ ಒಂದು ಶರ್ಟು ಆಗಲೇ ಬೇರೆಯವರದ್ದಾಗಿದೆ. ವೂಕಾಮರ್ಸ್‌ನಲ್ಲಿ ಆರ್ಡರ್ ಆಗಿ ಹಣ ಬಂದೊಡನೆ ಸ್ಟಾಕ್ ಇಳಿಯುವುದರಿಂದ ಅಲ್ಲಿ ತುಂಬಬೇಕಾದದ್ದು ಮಾರಬಹುದಾದ ಸಂಖ್ಯೆ.

ಎಲ್ಲ ಸಂಯೋಗಗಳನ್ನೂ ಒಮ್ಮೆಗೇ ಸೃಷ್ಟಿಸುವ ಗುಂಡಿ ಅನುಕೂಲಕರ, ಆದರೆ ನೀವು ಎಂದೂ ತರಿಸದ ಸಂಯೋಗ ಅದರಲ್ಲಿದ್ದರೆ ತೆಗೆದುಹಾಕಿ. ಸೊನ್ನೆ ಎಂದರೆ ಇತ್ತು, ಮುಗಿದಿದೆ, ಮತ್ತೆ ಬರಬಹುದು ಎಂದು ಗ್ರಾಹಕರು ಓದಿಕೊಳ್ಳುತ್ತಾರೆ.

ವೂಕಾಮರ್ಸ್ ಬಳಸುವವರು ಮೂರು ಕಡೆ ಎಡವುತ್ತಾರೆ, ನಿಮ್ಮದು ಅದೇ ತಂತ್ರಾಂಶವಾಗಿದ್ದರೆ ಇವನ್ನು ನೋಡಿಕೊಳ್ಳಿ. ಪ್ರತಿ ವೇರಿಯಂಟ್‌ನಲ್ಲಿ `Manage stock?` ಎಂಬ ಗುರುತು ಇದೆ. ಅದನ್ನು ಹಾಕದೆ ಮೂಲ ಉತ್ಪನ್ನದಲ್ಲಿ ಸ್ಟಾಕ್ ಇಟ್ಟಿದ್ದರೆ ವೇರಿಯಂಟ್‌ಗಳೆಲ್ಲ ಮೂಲದ ಸಂಖ್ಯೆಯನ್ನೇ ಹಂಚಿಕೊಳ್ಳುತ್ತವೆ, ಅಂದರೆ ಹನ್ನೆರಡು ವೇರಿಯಂಟ್ ಮಾಡಿದರೂ ನಿಮ್ಮ ಈಗಿನ ತೊಂದರೆ ಹಾಗೆಯೇ ಉಳಿಯುತ್ತದೆ. ಎರಡನೆಯದು, ಅಳತೆಯ ಕೋಶದಲ್ಲಿ ನಿರ್ದಿಷ್ಟ ಅಳತೆಯ ಬದಲು `Any` ಎಂದು ಆರಂಭವಾಗುವ ಆಯ್ಕೆಯನ್ನು ಬಿಟ್ಟರೆ ಆ ಒಂದು ವೇರಿಯಂಟ್ ನಾಲ್ಕೂ ಅಳತೆಗಳಿಗೆ ಉತ್ತರ ಕೊಡುತ್ತದೆ; ಸ್ಟಾಕ್ ಮತ್ತೆ ಬೆರೆತುಹೋಗುತ್ತದೆ. ಮೂರನೆಯದು, ವೇರಿಯಂಟ್‌ನ ಎಸ್‌ಕೆಯು ಕೋಶ ಖಾಲಿಯಿದ್ದರೆ ಅದು ಮೂಲ ಉತ್ಪನ್ನದ ಎಸ್‌ಕೆಯುವನ್ನೇ ತೋರಿಸುತ್ತದೆ, ಆಗ ಪ್ಯಾಕ್ ಮಾಡುವವರ ಚೀಟಿಯಲ್ಲಿ `RN01` ಎಂದಷ್ಟೇ ಬಂದು ಯಾವ ಶರ್ಟು ಎಂದು ಕೋಡಿನಿಂದ ತಿಳಿಯುವುದಿಲ್ಲ. ಶಾಪಿಫೈನಲ್ಲಿ ತೊಂದರೆ ಬೇರೆ ಕಡೆಯಿಂದ ಬರುತ್ತದೆ: ಎರಡು ವೇರಿಯಂಟ್‌ಗಳಿಗೆ ಒಂದೇ ಎಸ್‌ಕೆಯು ಬರೆದರೂ ಅದು ತಡೆಯುವುದಿಲ್ಲ, ಹಾಗಾಗಿ ಒಂದೇ ಕೋಡು ಎರಡು ಸಲ ಬಂದಿದೆಯೇ ಎಂದು ನೀವೇ ನೋಡಿಕೊಳ್ಳಬೇಕು.

ಇನ್ನೊಂದು ಮಾರಾಟ ತಾಣದಲ್ಲೂ ಇದೇ ಶರ್ಟನ್ನು ಇಟ್ಟಿದ್ದರೆ, ಎರಡರ ಸ್ಟಾಕನ್ನು ಒಂದುಗೂಡಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಎಸ್‌ಕೆಯುವನ್ನೇ ಹೋಲಿಸಿ ನೋಡುತ್ತವೆ. ಒಂದು ಕಡೆ ಕೋಡಿನ ಕೊನೆಯಲ್ಲಿ ಕಾಣದ ಖಾಲಿ ಜಾಗವೊಂದು ಉಳಿದಿದ್ದರೂ ಎರಡು ಬೇರೆ ಎಂದೇ ತಿಳಿದು ಆ ವೇರಿಯಂಟ್ ಹೊಂದಿಕೆಯಿಂದ ಹೊರಗುಳಿಯಬಹುದು. ಒಂದೇ ಒಂದು ಅಳತೆಯ ಸ್ಟಾಕ್ ಮಾತ್ರ ಇಳಿಯುತ್ತಿಲ್ಲ ಎಂದು ಕಂಡರೆ ಕೋಡನ್ನು ಓದಿ ನೋಡುವುದರಿಂದ ಪ್ರಯೋಜನವಿಲ್ಲ, ಅದರ ಅಕ್ಷರಗಳ ಉದ್ದವನ್ನು ಎಣಿಸಿ ನೋಡಿ; `RN01-NVY-M` ಹತ್ತು ಇರಬೇಕು, ಹನ್ನೊಂದು ಬಂದರೆ ಅಲ್ಲಿಯೇ ತಪ್ಪಿದೆ.

ಮಾರಾಟವನ್ನು ಮತ್ತೆ ತೆರೆಯುವ ಮೊದಲು ಕೊಳ್ಳುವವರಂತೆ ನೀವೇ ಪುಟಕ್ಕೆ ಹೋಗಿ ಮೂರು ಪರೀಕ್ಷೆ ಮಾಡಿ. ನೀಲಿ ಎಮ್ ಆರಿಸಿದಾಗ ಮುಗಿದಿದೆ ಎಂದು ಬರಬೇಕು. ಕಪ್ಪು ಎಮ್ ಆರಿಸಿದಾಗಲೂ ಹಾಗೆಯೇ ಬರಬೇಕು. ಅದು ಕೊಳ್ಳಲು ಸಿಕ್ಕರೆ ಬಾಕಿ ಆರ್ಡರನ್ನು ಕಳೆಯದೆ ಸಂಖ್ಯೆ ತುಂಬಿದ್ದೀರಿ. ಬಿಳಿ ಎಮ್‌ನಲ್ಲಿ ಎರಡು ಇವೆ, ಮೂರನ್ನು ಬುಟ್ಟಿಗೆ ಹಾಕಲು ಪ್ರಯತ್ನಿಸಿ. ಮೂರನೆಯದನ್ನು ಅದು ಒಪ್ಪಿಕೊಂಡರೆ ಆ ವೇರಿಯಂಟ್‌ನಲ್ಲಿ ಸ್ಟಾಕ್ ಮುಗಿದ ಮೇಲೂ ಆರ್ಡರ್ ತೆಗೆದುಕೊಳ್ಳುವ ಅನುಮತಿ ತೆರೆದಿದೆ, ಇಲ್ಲವೇ ಅದು ಇನ್ನೂ ಮೂಲ ಉತ್ಪನ್ನದ ಸಂಖ್ಯೆಯನ್ನೇ ನೋಡುತ್ತಿದೆ.